ಅರ್ಜಿಯ ಮೇಲಿನ ರುಜು: ಮೂಲ ಪತ್ರ ಎಲ್ಲಿದೆ ಎಂದು ಮೊದಲು ಕೇಳಿ

ತೋಟದ ಕೆಲಸದ ನಡುವೆಯೂ ಬೆಳೆಗಾರರಾದ ನಾವು ವರ್ಷಕ್ಕೆ ಹಲವಾರು ಕಾಗದಗಳನ್ನು ಕಚೇರಿಗಳಿಗೆ ಬರೆಯಬೇಕಾಗುತ್ತದೆ. ಪಹಣಿಯ ವಿಚಾರವಾಗಿ ತಹಶೀಲ್ದಾರರಿಗೆ, ಸಹಾಯಧನದ ವಿಚಾರವಾಗಿ ಕಾಫಿ ಮಂಡಳಿಗೆ, ಪಂಪ್‌ಸೆಟ್ಟಿನ ಸಂಪರ್ಕಕ್ಕಾಗಿ ವಿದ್ಯುತ್ ಕಂಪನಿಗೆ, ಅಡಿಕೆಯ ಕೊಳೆರೋಗದ ನಷ್ಟಕ್ಕಾಗಿ ತೋಟಗಾರಿಕೆ ಇಲಾಖೆಗೆ. ಹಿಂದೆ ಇವೆಲ್ಲಕ್ಕೂ ಒಂದೇ ದಾರಿ ಇತ್ತು. ಬಿಳಿ ಹಾಳೆಯ ಮೇಲೆ ಬರೆದು, ಕೆಳಗೆ ರುಜು ಹಾಕಿ, ಟಪಾಲಿನಲ್ಲಿ ಕಳುಹಿಸುವುದು ಅಥವಾ ಕೈಯಾರೆ ಕೊಟ್ಟು ಬರುವುದು. ಈಗ ಮೂರು ದಾರಿಗಳಾಗಿವೆ. ಶಾಯಿಯಲ್ಲಿ ರುಜು ಮಾಡಿ ಮೊಹರು ಒತ್ತಿದ ಕಾಗದ ಒಂದು. ರುಜುವಿನ ಚಿತ್ರವನ್ನು ಸ್ಕ್ಯಾನ್ ಮಾಡಿ ಇ-ಮೇಲಿನಲ್ಲಿ ಕಳುಹಿಸುವ ಕಾಗದ ಇನ್ನೊಂದು. ಡಿಜಿಟಲ್ ಸಹಿ ಮಾಡಿದ ಕಡತ ಮೂರನೆಯದು.

ಈ ಮೂರರಲ್ಲಿ ಯಾವುದು ಎಲ್ಲಿ ನಡೆಯುತ್ತದೆ ಎಂಬುದು ಸದಸ್ಯರು ಆಗಾಗ ಕೇಳುವ ಪ್ರಶ್ನೆ. ಕಚೇರಿಗೊಂದು ಪದ್ಧತಿ ಇರುವುದರಿಂದ ಉತ್ತರವೂ ಕಚೇರಿಗೊಂದಾಗಿ ಕಾಣಿಸಬಹುದು. ಆದರೆ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ ಹೆಚ್ಚಿನ ಸಂದೇಹಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ನಾಳೆ ಯಾರಾದರೂ ತಕರಾರು ತೆಗೆದು "ಮೂಲ ಪತ್ರವನ್ನು ತೋರಿಸಿ" ಎಂದರೆ ನಾವು ಏನನ್ನು ತೋರಿಸುತ್ತೇವೆ? ಅದೇ ಆ ಪ್ರಶ್ನೆ.

ಶಾಯಿಯ ರುಜುವಿನಲ್ಲಿ ಮೂಲವೆಂದರೆ ಆ ಕಾಗದವೇ. ಡಿಜಿಟಲ್ ಸಹಿಯಲ್ಲಿ ಮೂಲವೆಂದರೆ ಗಣಕಯಂತ್ರದೊಳಗಿನ ಕಡತ. ಅದರಿಂದ ತೆಗೆದ ಮುದ್ರಿತ ಹಾಳೆ ಬರಿಯ ನಕಲು. ಸ್ಕ್ಯಾನ್ ಮಾಡಿದ ರುಜುವಿನಲ್ಲಿ ಮಾತ್ರ ಎರಡು ಬೇರೆಬೇರೆ ಸಂದರ್ಭಗಳಿದ್ದು, ಅವೆರಡನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ. ಗೊಂದಲದ ಬೇರು ಅಲ್ಲಿದೆ.

ಸ್ಕ್ಯಾನ್ ರುಜು ಎಂಬ ಎರಡು ಸಂಗತಿಗಳು

ಮೊದಲನೆಯ ರೀತಿ ಹೀಗೆ. ಬೆಳೆಗಾರರು ಅರ್ಜಿಯನ್ನು ಕಾಗದದ ಮೇಲೆ ಮುದ್ರಿಸಿ, ಓದಿ, ಪೆನ್ನಿನಿಂದ ರುಜು ಹಾಕುತ್ತಾರೆ. ಆಮೇಲೆ ಇಡೀ ಹಾಳೆಯನ್ನು ಸ್ಕ್ಯಾನ್ ಮಾಡಿ ಕಚೇರಿಯ ಇ-ಮೇಲಿಗೆ ಕಳುಹಿಸುತ್ತಾರೆ. ಇಲ್ಲಿ ಮೂಲ ಪತ್ರ ಮನೆಯ ಪೆಟ್ಟಿಗೆಯಲ್ಲಿದೆ, ಕಚೇರಿಗೆ ಹೋದದ್ದು ಅದರ ನಕಲು. ಕೇಳಿದಾಗ ಮೂಲವನ್ನು ಹಾಜರುಪಡಿಸಬಹುದು. ಹಿಂದೆ ಜೆರಾಕ್ಸ್ ಪ್ರತಿಯನ್ನೋ ಫ್ಯಾಕ್ಸನ್ನೋ ಕಳುಹಿಸುತ್ತಿದ್ದುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಎರಡನೆಯ ರೀತಿಯಲ್ಲಿ, ಎಂದೋ ಒಮ್ಮೆ ಬಿಳಿ ಹಾಳೆಯ ಮೇಲೆ ರುಜು ಮಾಡಿಸಿ ಅದರ ಚಿತ್ರವನ್ನು ಫೋನಿನಲ್ಲೋ ಗಣಕಯಂತ್ರದಲ್ಲೋ ಇಟ್ಟುಕೊಂಡಿರುತ್ತಾರೆ. ಬೇಕೆಂದಾಗ ಬೆರಳಚ್ಚು ಮಾಡಿದ ಪತ್ರದ ಕೆಳಗೆ ಆ ಚಿತ್ರವನ್ನು ಅಂಟಿಸುತ್ತಾರೆ. ನೋಡುವವರಿಗೆ ಎರಡೂ ಪತ್ರ ಒಂದೇ ತರಹ ಕಾಣಿಸಬಹುದು. ಆದರೆ ಎರಡನೆಯದಕ್ಕೆ ಮೂಲ ಪತ್ರ ಎಂಬುದು ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ರುಜು ಹಾಕಿದ ದಿನ ಆ ಪತ್ರವೇ ಹುಟ್ಟಿರಲಿಲ್ಲ. ಆ ಚಿತ್ರ ಯಾರ ಕೈಗೆ ಸಿಕ್ಕಿದರೂ ಅವರು ಅದನ್ನು ಯಾವ ಪತ್ರಕ್ಕೆ ಬೇಕಾದರೂ ಅಂಟಿಸಬಹುದು.

ಹೀಗೆ ಅಂಟಿಸಿದ್ದನ್ನು ಪತ್ತೆಮಾಡುವುದು ಅನುಭವವಿರುವ ಗುಮಾಸ್ತರಿಗೆ ಕಷ್ಟವಲ್ಲ. ಒಬ್ಬ ಮನುಷ್ಯ ಹತ್ತು ಸಲ ರುಜು ಹಾಕಿದರೆ ಹತ್ತೂ ಸ್ವಲ್ಪ ಸ್ವಲ್ಪ ಬೇರೆಯಾಗಿರುತ್ತವೆ. ಒಂದೇ ಕಡತದಲ್ಲಿ ಮೂರು ಅರ್ಜಿಗಳಿದ್ದು, ಮೂರರಲ್ಲೂ ರುಜುವಿನ ಓರೆ, ಬಾಲ, ಚುಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇದ್ದರೆ ಅದು ಅಂಟಿಸಿದ ಚಿತ್ರ. ಅಕ್ಷರಗಳು ಕಪ್ಪಗೆ ಸ್ಪಷ್ಟವಾಗಿದ್ದು ರುಜುವಿನ ಸುತ್ತ ಮಾತ್ರ ಬೂದುಬಣ್ಣದ ಚೌಕ ಕಂಡರೆ ಅದೂ ಒಂದು ಗುರುತು.

ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯಿದೆ, 2000, ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿದೆ. ಆಮೇಲೆ 2008ರ ತಿದ್ದುಪಡಿಯಿಂದ ಇತರ ವಿದ್ಯುನ್ಮಾನ ಸಹಿಗಳಿಗೂ, ಸರಕಾರ ಗೊತ್ತುಪಡಿಸಿದ ವಿಧಾನದಲ್ಲಿ ಮಾಡಿದ್ದಾದರೆ, ಮಾನ್ಯತೆ ಬಂತು. ರುಜುವಿನ ಚಿತ್ರವನ್ನು ಅಂಟಿಸುವುದು ಆ ಗೊತ್ತುಪಡಿಸಿದ ವಿಧಾನಗಳಲ್ಲಿ ಸೇರಿಲ್ಲ. ಆದುದರಿಂದ ಕಾನೂನು ರುಜು ಬೇಕೆಂದು ಹೇಳಿದ ಕಡೆ ಅಂಟಿಸಿದ ಚಿತ್ರವನ್ನು ಡಿಜಿಟಲ್ ಸಹಿ ಎಂದು ಸಾಧಿಸಲಾಗುವುದಿಲ್ಲ.

ಹಾಗೆಂದು ಸ್ಕ್ಯಾನ್ ಪ್ರತಿ ಎಲ್ಲಿಯೂ ನಡೆಯದು ಎಂದಲ್ಲ. ಹಿಂದೆ ಕೊಟ್ಟ ಅರ್ಜಿಯ ಬಗ್ಗೆ ಜ್ಞಾಪನಪತ್ರ, ಮಾಹಿತಿ ಕೇಳುವ ಕಾಗದ, ಸಭೆಗೆ ಬರಲಾಗದು ಎಂಬ ತಿಳಿವಳಿಕೆ, ರಸ್ತೆಗೆ ಮರ ಬಿದ್ದಿದೆ ಎಂಬ ದೂರು, ಇಂಥವುಗಳಿಗೆ ಮೊದಲನೆಯ ರೀತಿಯ ಸ್ಕ್ಯಾನ್ ಪ್ರತಿ ಧಾರಾಳವಾಗಿ ಸಾಕು. ಇಂಥ ಕಾಗದಗಳಿಂದ ಯಾರ ಹಕ್ಕೂ ಹುಟ್ಟುವುದಿಲ್ಲ, ಯಾರ ಹಕ್ಕೂ ಹೋಗುವುದಿಲ್ಲ. ಕೆಲವು ಜಾಲತಾಣಗಳಲ್ಲಿ ಅರ್ಜಿ ತುಂಬುವಾಗ ರುಜುವಿನ ಚಿತ್ರವನ್ನು ಏರಿಸಲು ಕಚೇರಿಯೇ ಕೇಳುತ್ತದೆ. ಅಲ್ಲಿ ಕೇಳಿದಂತೆ ಕೊಡಬೇಕು. ಅಲ್ಲಿ ಅರ್ಜಿದಾರರನ್ನು ಗುರುತಿಸುವುದು ಮೊಬೈಲಿಗೆ ಬರುವ ಗುಪ್ತ ಸಂಖ್ಯೆಯಂಥ ಬೇರೆ ವ್ಯವಸ್ಥೆ. ಚಿತ್ರ ಕಡತಕ್ಕೆ ಒಂದು ಮಾದರಿ ಮಾತ್ರ.

ಕೈಬರಹದ ರುಜು ಮತ್ತು ಮೊಹರು

ಮೊಹರು ಇಲ್ಲದಿದ್ದರೆ ಕಾಗದ ಸಿಂಧುವಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವ್ಯಕ್ತಿಯೊಬ್ಬರು ತಮ್ಮ ಸ್ವಂತ ಹಿಡುವಳಿಯ ಬಗ್ಗೆ ಬರೆಯುವ ಅರ್ಜಿಗೆ ಮೊಹರು ಬೇಕಾಗಿಲ್ಲ. ಎಸ್ಟೇಟಿನ ಹೆಸರಿನ ರಬ್ಬರ್ ಮೊಹರು ಒತ್ತಿದರೆ ತಪ್ಪೇನಿಲ್ಲ, ಆದರೆ ಅದರಿಂದ ರುಜುವಿನ ಬೆಲೆ ಹೆಚ್ಚುವುದಿಲ್ಲ.

ಸಂಘ, ಸೊಸೈಟಿ, ಟ್ರಸ್ಟ್ ಇವುಗಳ ಪರವಾಗಿ ಬರೆಯುವಾಗ ಮಾತ್ರ ಮೊಹರಿಗೆ ಅರ್ಥವಿದೆ. ರುಜು ಯಾರದೆಂದು ಹೆಸರು ಹೇಳುತ್ತದೆ. ಅವರು ಯಾವ ಅಧಿಕಾರದಿಂದ ರುಜು ಮಾಡಿದರೆಂದು ಮೊಹರು ಹೇಳುತ್ತದೆ. "ಅಧ್ಯಕ್ಷರು" ಅಥವಾ "ಕಾರ್ಯದರ್ಶಿ" ಎಂಬ ಪದನಾಮದ ಮೊಹರು ಇಲ್ಲದಿದ್ದರೆ, ಅದು ಸಂಘದ ಪತ್ರವೋ ಆ ವ್ಯಕ್ತಿಯ ಸ್ವಂತ ಪತ್ರವೋ ಎಂಬ ಸಂದೇಹ ಉಳಿಯುತ್ತದೆ. ಆದರೆ ಮೊಹರು ಅಧಿಕಾರವನ್ನು ಹುಟ್ಟಿಸುವುದಿಲ್ಲ. ಅಧಿಕಾರ ಬರುವುದು ಉಪವಿಧಿಯಿಂದ, ಇಲ್ಲವೇ ಆಡಳಿತ ಮಂಡಳಿಯ ನಿರ್ಣಯದಿಂದ. ಮಹತ್ವದ ಪತ್ರವಾದರೆ ನಿರ್ಣಯದ ದೃಢೀಕೃತ ನಕಲನ್ನು ಜೊತೆಗೆ ಲಗತ್ತಿಸುವುದು ಮೊಹರಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಇಲ್ಲಿ ಎರಡು ಮೊಹರುಗಳನ್ನು ಬೇರ್ಪಡಿಸಿ ನೋಡಬೇಕು. ಕರ್ನಾಟಕ ಸಹಕಾರ ಸಂಘಗಳ ಕಾಯಿದೆ, 1959ರ ಪ್ರಕಾರ ನೋಂದಣಿಯಾದ ಸಂಘ ಒಂದು ಕಾನೂನುಬದ್ಧ ವ್ಯಕ್ತಿಯಾಗಿದ್ದು, ಅದಕ್ಕೆ ತನ್ನದೇ ಆದ ಸಾಮಾನ್ಯ ಮೊಹರು ಇರುತ್ತದೆ. ಅದನ್ನು ಉಪವಿಧಿಯಲ್ಲಿ ಹೇಳಿದ ರೀತಿಯಲ್ಲಿ, ಹೇಳಿದವರ ಎದುರಿನಲ್ಲಿ ಒತ್ತಬೇಕು. ಮೇಜಿನ ಮೇಲಿರುವ ಪದನಾಮದ ರಬ್ಬರ್ ಮೊಹರು ಬೇರೆ. ಕಚೇರಿಗಳಿಗೆ ಬರೆಯುವ ದಿನನಿತ್ಯದ ಪತ್ರಗಳಿಗೆ ಈ ರಬ್ಬರ್ ಮೊಹರು ಸಾಕು. ಖರೀದಿಸಿದ ಅಂಗಡಿಯವನ ಹೊರತು ಇದಕ್ಕೆ ಬೇರೆ ಸಾಕ್ಷಿಯಿಲ್ಲವಾದ್ದರಿಂದ, ರುಜು ಇಲ್ಲದ ಬರೀ ಮೊಹರಿಗೆ ಬೆಲೆಯಿಲ್ಲ.

ಮೊಹರನ್ನು ರುಜುವಿನ ಪಕ್ಕದಲ್ಲಿ ಅಥವಾ ಅಂಚಿಗೆ ತಾಗುವಂತೆ ಒತ್ತಬೇಕೇ ಹೊರತು ರುಜುವಿನ ಮೇಲೆ ಪೂರ್ತಿ ಒತ್ತಬಾರದು. ರುಜುವನ್ನು ಹೋಲಿಸಿ ನೋಡಬೇಕಾಗಿ ಬಂದಾಗ ಗೆರೆಗಳು ಕಾಣಿಸಬೇಕು. ಪತ್ರ ಒಂದಕ್ಕಿಂತ ಹೆಚ್ಚು ಪುಟವಿದ್ದರೆ ಪ್ರತಿ ಪುಟದ ಕೆಳಗೂ ಚಿಕ್ಕ ರುಜು ಇರಲಿ. ಕೊನೆಯ ಪುಟಕ್ಕೆ ಮಾತ್ರ ರುಜು ಹಾಕಿದರೆ ಮೊದಲ ಪುಟವನ್ನು ಬದಲಿಸುವುದು ಯಾರಿಗೂ ಕಷ್ಟವಲ್ಲ.

ರುಜು ಬಾರದ ಹಿರಿಯರಿದ್ದರೆ ಹೆಬ್ಬೆಟ್ಟಿನ ಗುರುತಿಗೆ ಕಾನೂನಿನಲ್ಲಿ ಇಂದಿಗೂ ಪೂರ್ಣ ಮಾನ್ಯತೆಯಿದೆ. ತಮ್ಮ ಹೆಸರು ಬರೆಯಲಾರದವರ ಗುರುತೂ ರುಜುವೇ ಎಂದು ಸಾಮಾನ್ಯ ಖಂಡಗಳ ಕಾಯಿದೆ ಹೇಳುತ್ತದೆ. ಎಡಗೈ ಹೆಬ್ಬೆಟ್ಟಿನ ಗುರುತು ಹಾಕಿಸಿ, ಅದು ಯಾರ ಗುರುತೆಂದು ಪಕ್ಕದಲ್ಲಿ ಬರೆದು, ಓದಿ ಹೇಳಿದವರ ಬಿಕ್ಕಲಂ ಮತ್ತು ಒಬ್ಬ ಸಾಕ್ಷಿಯ ರುಜು ಹಾಕಿಸುವುದು ನಮ್ಮ ಹಳೆಯ ಪದ್ಧತಿ. ಅದನ್ನು ಬಿಡಬಾರದು.

ಡಿಜಿಟಲ್ ಸಹಿ ಎಂದರೇನು

ಡಿಜಿಟಲ್ ಸಹಿ ನೋಡುವುದಕ್ಕೆ ಸಹಿಯ ಹಾಗೆ ಇರಲೇಬೇಕೆಂದಿಲ್ಲ. ಅದು ಒಂದು ಲೆಕ್ಕ. ಕಡತದೊಳಗಿನ ಎಲ್ಲ ಅಕ್ಷರಗಳನ್ನು ಸೇರಿಸಿ ಗಣಕಯಂತ್ರ ಒಂದು ಮೊತ್ತದಂಥ ಸಂಖ್ಯೆಯನ್ನು ತೆಗೆಯುತ್ತದೆ. ಅದನ್ನು ಸಹಿ ಮಾಡುವವರ ಬಳಿ ಮಾತ್ರ ಇರುವ ಗುಪ್ತ ಕೀಲಿಯಿಂದ ಬೀಗ ಹಾಕಿದಂತೆ ಭದ್ರಪಡಿಸುತ್ತದೆ. ಪಡೆದವರು ಸಾರ್ವಜನಿಕವಾದ ಜೊತೆಕೀಲಿಯಿಂದ ಅದನ್ನು ತೆರೆದು ನೋಡಬಹುದು. ಆಮೇಲೆ ಕಡತದಲ್ಲಿ ಒಂದು ಸೊನ್ನೆಯನ್ನು ಸೇರಿಸಿದರೂ ಮೊತ್ತ ತಾಳೆಯಾಗುವುದಿಲ್ಲ. ಎರಡು ಎಕರೆ ಎಂದಿದ್ದುದನ್ನು ಇಪ್ಪತ್ತು ಎಂದು ತಿದ್ದಿದರೆ ತಕ್ಷಣ ಗೊತ್ತಾಗುತ್ತದೆ. ಶಾಯಿಯ ರುಜುವಿಗೂ ಈ ಗುಣವಿಲ್ಲ.

ಇದನ್ನು ಮಾಡುವ ದಾರಿಗಳು ಎರಡು. ಒಂದು, ಬೆರಳಿನಷ್ಟು ಉದ್ದದ ಯು.ಎಸ್.ಬಿ. ಟೋಕನ್. ಕೇಂದ್ರ ಸರಕಾರದ ಪ್ರಮಾಣೀಕರಣ ನಿಯಂತ್ರಕರಿಂದ ಪರವಾನಗಿ ಪಡೆದ ಸಂಸ್ಥೆಗಳು ಗುರುತಿನ ದಾಖಲೆ ನೋಡಿ ಅದನ್ನು ಕೊಡುತ್ತವೆ. ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಟೆಂಡರು, ತೆರಿಗೆ ಮುಂತಾದ ಕೆಲಸವಿರುವ ಸಂಘಗಳಿಗೆ ಇದು ಸರಿ. ಇನ್ನೊಂದು, ಆಧಾರ್ ಆಧಾರಿತ ಇ-ಸೈನ್. ಇದು 2015ರ ನಿಯಮಗಳಿಂದ ಬಂದದ್ದು. ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಗುಪ್ತ ಸಂಖ್ಯೆಯನ್ನು ಕೊಟ್ಟರೆ ಆ ಒಂದು ಸಹಿಗಾಗಿಯೇ ಕೀಲಿ ಹುಟ್ಟಿ, ಕೆಲಸ ಮುಗಿದೊಡನೆ ಅಳಿಯುತ್ತದೆ. ಅದರ ಪ್ರಮಾಣಪತ್ರದ ಆಯುಷ್ಯ 30 ನಿಮಿಷ ಮಾತ್ರ. ಮರುದಿನ ನೋಡಿದಾಗ ಪ್ರಮಾಣಪತ್ರದ ಅವಧಿ ಮುಗಿದಿದೆ ಎಂದು ಕಂಡರೆ ಗಾಬರಿಯಾಗಬೇಕಾಗಿಲ್ಲ. ಸಹಿ ಮಾಡಿದ ಗಳಿಗೆಯಲ್ಲಿ ಅದು ಚಾಲ್ತಿಯಲ್ಲಿತ್ತೇ ಎಂಬುದೇ ಮುಖ್ಯ. ವರ್ಷಕ್ಕೆ ಒಂದೆರಡು ಪತ್ರ ಬರೆಯುವ ಸಣ್ಣ ಬೆಳೆಗಾರರಿಗೆ ಟೋಕನ್ ಕೊಳ್ಳುವ ಅಗತ್ಯವಿಲ್ಲ, ಇ-ಸೈನ್ ಸಾಕು. ಆದರೆ ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಈಗಲೂ ತಮ್ಮದೇ ಆಗಿರಬೇಕು.

ಡಿಜಿಟಲ್ ಸಹಿ ಸರಿಯಿದೆಯೇ ಎಂದು ನೋಡಲು ಕಡತವನ್ನು ಗಣಕಯಂತ್ರದಲ್ಲಿ ಅಕ್ರೊಬ್ಯಾಟ್ ರೀಡರಿನಲ್ಲಿ ತೆರೆಯಬೇಕು. ಮೊಬೈಲಿನಲ್ಲಿ ತೆರೆದರೆ ಬಹಳ ಸಲ ಚಿತ್ರ ಮಾತ್ರ ಕಾಣಿಸುತ್ತದೆ, ತಪಾಸಣೆ ನಡೆಯುವುದಿಲ್ಲ. ಸಹಿಯ ಮೇಲೆ ಒತ್ತಿದರೆ ಸಹಿ ಮಾಡಿದವರ ಹೆಸರು, ದಿನಾಂಕ, ಸಹಿಯ ಬಳಿಕ ಕಡತ ಬದಲಾಗಿದೆಯೇ ಎಂಬ ವಿವರ ಬರುತ್ತವೆ. `Validity Unknown` ಎಂದು ಪ್ರಶ್ನಾರ್ಥಕ ಚಿಹ್ನೆ ಬಂದರೆ ಸಹಿ ಸುಳ್ಳೆಂದು ಅರ್ಥವಲ್ಲ. ನಮ್ಮ ದೇಶದ ಪ್ರಮಾಣೀಕರಣದ ಮೂಲವನ್ನು ಆ ಗಣಕಯಂತ್ರಕ್ಕೆ ಇನ್ನೂ ಪರಿಚಯಿಸಿಲ್ಲ ಎಂದಷ್ಟೇ. ಪ್ರಮಾಣಪತ್ರದ ಸರಪಳಿ `CCA India` ಎಂಬಲ್ಲಿಗೆ ಮುಟ್ಟುತ್ತದೆಯೇ ಎಂದು ನೋಡಿ ಮುಂದುವರಿಯಬೇಕು. ಆದರೆ ಕಡತ ಬದಲಾಗಿದೆ ಎಂದೋ ಸಹಿ ಅಸಿಂಧು ಎಂದೋ ಬಂದರೆ ಅದನ್ನು ಕಳುಹಿಸಲೇಬಾರದು.

ಸಹಿ ಕೆಡುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಸಹಿ ಮಾಡಿದ ಮೇಲೆ ಲಗತ್ತುಗಳನ್ನು ಸೇರಿಸುವುದು, ಕಡತ ದೊಡ್ಡದಾಯಿತೆಂದು ಕುಗ್ಗಿಸುವುದು, ಪುಟಸಂಖ್ಯೆ ಹಾಕುವುದು, ಇವೆಲ್ಲ ಸಹಿಯನ್ನು ಮುರಿಯುತ್ತವೆ. ಆದುದರಿಂದ ಪಹಣಿ, ನಕ್ಷೆ, ರಶೀದಿ ಎಲ್ಲವನ್ನೂ ಮೊದಲು ಸೇರಿಸಿ, ಸಹಿಯನ್ನು ಕಟ್ಟಕಡೆಯಲ್ಲಿ ಮಾಡಬೇಕು.

ಇನ್ನು ಮುದ್ರಿತ ಪ್ರತಿಯ ವಿಚಾರ. ಡಿಜಿಟಲ್ ಸಹಿ ಮಾಡಿದ ಅರ್ಜಿಯನ್ನು ಮುದ್ರಿಸಿ ಟಪಾಲಿನಲ್ಲಿ ಕಳುಹಿಸಿದರೆ ಆ ಹಾಳೆಯ ಮೇಲೆ ಸಹಿಯೇ ಇಲ್ಲ. ಸಹಿಯ ಜಾಗದಲ್ಲಿ ಹೆಸರು, ಗಂಟೆ, ಹಸಿರು ಗುರುತು ಮುದ್ರಣವಾಗಿರಬಹುದು. ಅದನ್ನು ಯಾರು ಬೇಕಾದರೂ ಬೆರಳಚ್ಚು ಮಾಡಬಹುದು. ಹಾಗಾದರೆ ಭೂಮಿ ಕೇಂದ್ರದ ಪಹಣಿ, ನಾಡಕಚೇರಿಯ ಪ್ರಮಾಣಪತ್ರ ಇವು ಮುದ್ರಿತ ರೂಪದಲ್ಲಿಯೇ ನಡೆಯುತ್ತವಲ್ಲ ಎಂದು ಕೇಳಬಹುದು. ಅವುಗಳ ಮೇಲೆ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯಿಂದ ಸರಕಾರದ ದಾಖಲೆಯಲ್ಲಿ ಮೂಲವನ್ನು ಯಾರು ಬೇಕಾದರೂ ನೋಡಬಹುದು. ನಮ್ಮ ಖಾಸಗಿ ಅರ್ಜಿಗೆ ಅಂಥ ಏರ್ಪಾಡಿಲ್ಲ.

ಕಚೇರಿ ಒಪ್ಪಲೇಬೇಕೆ?

ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಇದೆಯೆಂದ ಮೇಲೆ ಯಾವ ಕಚೇರಿಯೂ ಅದನ್ನು ತಳ್ಳಿಹಾಕುವಂತಿಲ್ಲ ಎಂದು ಕೆಲವರು ವಾದಿಸುತ್ತಾರೆ. ಈ ವಾದ ನಿಲ್ಲದು. ಅದೇ 2000ದ ಕಾಯಿದೆಯ 9ನೇ ಪ್ರಕರಣ ಬೇರೆ ಮಾತು ಹೇಳುತ್ತದೆ. ಸರಕಾರದ ಇಲಾಖೆಯೊಂದು ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿಯೇ ಸ್ವೀಕರಿಸಬೇಕೆಂದು ಹಟ ಹಿಡಿಯುವ ಹಕ್ಕು ಯಾರಿಗೂ ಇಲ್ಲ ಎಂಬುದು ಅದರ ಸಾರ. ಇಲಾಖೆ ಜಾಲತಾಣ ತೆರೆದು ಅದರಲ್ಲಿ ಅರ್ಜಿ ಹಾಕಲು ಹೇಳಿದ್ದರೆ ಅದು ಸರಿ. ಹಾಗೆ ಹೇಳದಿರುವ ಕಡೆ ಕಾಗದವನ್ನೇ ಕೇಳಿದರೆ ಕೊಡಬೇಕಾಗುತ್ತದೆ. ಆದ್ದರಿಂದ ಮೊದಲು ನೋಟೀಸು ಅಥವಾ ಅರ್ಜಿಯ ನಮೂನೆಯನ್ನು ಓದಿ, ಅಲ್ಲಿ ಏನು ಕೇಳಿದ್ದಾರೆಂದು ನೋಡುವುದೇ ಸರಿಯಾದ ಕ್ರಮ.

ಇ-ಮೇಲು ಯಾವಾಗ ತಲುಪಿತೆಂಬುದಕ್ಕೂ ಕಾನೂನಿನಲ್ಲಿ ಲೆಕ್ಕವಿದೆ. ಕಚೇರಿ ಒಂದು ವಿಳಾಸವನ್ನು ಗೊತ್ತುಪಡಿಸಿದ್ದರೆ, ಪತ್ರ ಆ ವಿಳಾಸದ ಪೆಟ್ಟಿಗೆಯನ್ನು ಹೊಕ್ಕಾಗಲೇ ತಲುಪಿದಂತೆ. ಗೊತ್ತುಪಡಿಸಿದ ವಿಳಾಸವನ್ನು ಬಿಟ್ಟು ಅಧಿಕಾರಿಯ ಬೇರೆ ವಿಳಾಸಕ್ಕೆ ಕಳುಹಿಸಿದರೆ, ಅವರು ಅದನ್ನು ತೆರೆದು ಪಡೆದಾಗ ಮಾತ್ರ ತಲುಪಿದಂತೆ. ಗಡುವಿರುವ ಕಾಗದದಲ್ಲಿ ಈ ಒಂದು ವ್ಯತ್ಯಾಸ ದಿನಗಳನ್ನು ನುಂಗಬಹುದು.

ಕೆಲವು ಕಾಗದಗಳಿಗೆ ಈ ಆಯ್ಕೆಗಳೇ ಇಲ್ಲ. ಉಯಿಲನ್ನು ಡಿಜಿಟಲ್ ಸಹಿಯಿಂದ ಮಾಡುವಂತಿಲ್ಲ. ಆ ಕಾಯಿದೆಯೇ ಅದನ್ನು ಹೊರಗಿಟ್ಟಿದೆ. ಬೆಳೆಗಾರರು ಮಗನಿಗೋ ತಮ್ಮನಿಗೋ ಬರೆದುಕೊಡುವ ಅಧಿಕಾರಪತ್ರವೂ ಶಾಯಿಯಲ್ಲಿಯೇ ಆಗಬೇಕು. ನೋಟರಿಯ ಮುಂದೆ ಪ್ರಮಾಣ ಮಾಡಬೇಕಾದ ಪ್ರಮಾಣಪತ್ರಕ್ಕೆ ಮನುಷ್ಯ ಹೋಗಿ ಅವರ ಎದುರಿನಲ್ಲಿ ರುಜು ಹಾಕಬೇಕು. ಮೊದಲೇ ರುಜುವಿನ ಚಿತ್ರ ಅಂಟಿಸಿದ ಹಾಳೆಗೆ ನೋಟರಿಯ ಮೊಹರು ಬಿದ್ದಿದ್ದರೆ ಆ ಮೊಹರಿನ ಮಾತೇ ಸುಳ್ಳಾಗುತ್ತದೆ.

ಒಂದು ತಕರಾರು ಅರ್ಜಿಯ ಉದಾಹರಣೆ

ಇಷ್ಟನ್ನೂ ಒಂದು ಉದಾಹರಣೆಯಲ್ಲಿ ನೋಡೋಣ. ಕೊಪ್ಪದ ಕಡೆ ನಾಲ್ಕು ಎಕರೆ ಕಾಫಿ, ಅಡಿಕೆ ಇರುವ ಎಪ್ಪತ್ತೆಂಟು ವರ್ಷದ ಬೆಳೆಗಾರರೊಬ್ಬರು ಇದ್ದಾರೆಂದು ಇಟ್ಟುಕೊಳ್ಳೋಣ. ಅವರ ಸರ್ವೆ ನಂಬರಿನ ಒಂದು ಭಾಗದ ಖಾತೆ ಬೇರೆಯವರ ಹೆಸರಿಗೆ ಬದಲಾಗಲಿದೆ ಎಂದು ನೋಟೀಸು ಬಂದಿದೆ. ಆಕ್ಷೇಪಣೆ ಸಲ್ಲಿಸಲು 18ನೇ ತಾರೀಖು ಕೊನೆಯ ದಿನ. ವಿಷಯ ತಿಳಿದು ಬೆಂಗಳೂರಿನಲ್ಲಿರುವ ಮಗ 15ರ ರಾತ್ರಿ ಅರ್ಜಿಯನ್ನು ಬೆರಳಚ್ಚು ಮಾಡುತ್ತಾನೆ. ತಂದೆಯ ರುಜುವಿನ ಚಿತ್ರ ಅವನ ಫೋನಿನಲ್ಲಿದೆ.

ಸುಲಭವಾದ ದಾರಿಯೆಂದರೆ ಆ ಚಿತ್ರವನ್ನು ಅಂಟಿಸಿ ಅಂದೇ ರಾತ್ರಿ ಇ-ಮೇಲ್ ಮಾಡುವುದು. ಆಮೇಲೆ ವಿಚಾರಣೆಯ ದಿನ ಎದುರುಪಕ್ಷದವರು ತಂದೆಯನ್ನು ಕೇಳುವ ಮೊದಲ ಪ್ರಶ್ನೆ "ಇದಕ್ಕೆ ತಾವು ರುಜು ಮಾಡಿದಿರಾ?" ಎಂಬುದೇ. ಸತ್ಯ ಹೇಳುವ ಹಿರಿಯರು "ಇಲ್ಲ, ಮಗ ಹಾಕಿದ" ಎನ್ನುತ್ತಾರೆ. ಅಲ್ಲಿಗೆ ಗಡುವಿನೊಳಗೆ ಅವರ ಆಕ್ಷೇಪಣೆ ಬಂದೇ ಇಲ್ಲ ಎಂಬ ವಾದಕ್ಕೆ ದಾರಿಯಾಗುತ್ತದೆ. ಮಗನ ಉದ್ದೇಶ ಒಳ್ಳೆಯದೇ ಆಗಿದ್ದರೂ ಪ್ರಯೋಜನವಿಲ್ಲ.

ಇದು ಬರಿಯ ಊಹೆಯಲ್ಲ. ಪಶ್ಚಿಮ ಬಂಗಾಳದ ಕೃಷಿ ಆದಾಯ ತೆರಿಗೆಯ ಒಂದು ಮೊಕದ್ದಮೆ 1950ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಿತ್ತು. ಓದುಬರಹ ಬಾರದ ತೆರಿಗೆದಾರರ ಪರವಾಗಿ ಅವರ ಹೆಸರನ್ನು ಮಗ ತನ್ನ ಲೇಖನಿಯಿಂದ ಬರೆದು ಲೆಕ್ಕಪತ್ರ ಸಲ್ಲಿಸಿದ್ದ. ಆ ಕಾನೂನು ತೆರಿಗೆದಾರರ ಸ್ವಂತ ರುಜುವನ್ನೇ ಕೇಳುತ್ತದೆ, ಬೇರೊಬ್ಬರು ಬರೆದ ಹೆಸರು ಅದಾಗದು ಎಂದು ನ್ಯಾಯಾಲಯ ತೀರ್ಮಾನಿಸಿತು. ಬೇರೆಯವರ ಕೈಯಿಂದ ರುಜು ನಡೆಯುವ ಸಂದರ್ಭಗಳೂ ಇವೆ. ಆದರೆ ಕಾನೂನು ಸ್ವಂತ ರುಜುವನ್ನು ಕೇಳಿದಾಗ ಹೆಬ್ಬೆಟ್ಟನ್ನಾದರೂ ಅವರೇ ಒತ್ತಬೇಕು.

ಸರಿಯಾದ ದಾರಿ ಸ್ವಲ್ಪ ಓಡಾಟದ್ದು, ಆದರೆ ಮೂರು ದಿನಗಳೊಳಗೆ ಮುಗಿಯುವಂಥದ್ದು. ಮಗ 15ರ ರಾತ್ರಿ ಅರ್ಜಿಯನ್ನು ಊರಿಗೆ ಕಳುಹಿಸುತ್ತಾನೆ. 16ರ ಬೆಳಿಗ್ಗೆ ಪೇಟೆಯ ಅಂಗಡಿಯಲ್ಲಿ ಎರಡು ಪ್ರತಿ ಮುದ್ರಿಸಿ ತಂದೆಗೆ ಓದಿ ಹೇಳಲಾಗುತ್ತದೆ. ಅವರು ಎರಡಕ್ಕೂ ಪ್ರತಿ ಪುಟದಲ್ಲಿ ರುಜು ಹಾಕಿ, ಕೊನೆಯಲ್ಲಿ ಸ್ಥಳ, ದಿನಾಂಕವನ್ನು ತಮ್ಮ ಕೈಯಿಂದ ಬರೆಯುತ್ತಾರೆ. ಅದನ್ನು ಸ್ಕ್ಯಾನ್ ಮಾಡಿ, ಅದೇ ದಿನ ನೋಟೀಸಿನಲ್ಲಿರುವ ಇ-ಮೇಲ್ ವಿಳಾಸಕ್ಕೆ ಕಳುಹಿಸುತ್ತಾರೆ. ಮೇಲಿನ ಪತ್ರದಲ್ಲಿ ಒಂದೇ ಸಾಲು ಸಾಕು: "ನಾನು ದಿನಾಂಕ 16ರಂದು ರುಜು ಮಾಡಿದ ಆಕ್ಷೇಪಣಾ ಅರ್ಜಿಯ ಸ್ಕ್ಯಾನ್ ಪ್ರತಿಯನ್ನು ಲಗತ್ತಿಸಿದ್ದೇನೆ, ಮೂಲ ಅರ್ಜಿಯನ್ನು ತಮ್ಮ ಕಚೇರಿಗೆ ಖುದ್ದಾಗಿ ಸಲ್ಲಿಸಲಾಗುವುದು."

17ರಂದು ಮನೆಯವರೊಬ್ಬರು ಎರಡೂ ಪ್ರತಿಗಳೊಡನೆ ತಾಲ್ಲೂಕು ಕಚೇರಿಗೆ ಹೋಗುತ್ತಾರೆ. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮೊಹರು, ದಿನಾಂಕ ಮತ್ತು ಪಡೆದವರ ಚಿಕ್ಕ ರುಜುವನ್ನು ಹಾಕಿಸಿಕೊಳ್ಳುತ್ತಾರೆ. ಅರ್ಜಿದಾರನಿಗೆ ನಿಜವಾಗಿ ಕೆಲಸಕ್ಕೆ ಬರುವ ಮೊಹರು ಇದು: ನಮ್ಮ ಮೊಹರಲ್ಲ, ಕಚೇರಿಯ ಸ್ವೀಕೃತಿಯ ಮೊಹರು. ಖಾತೆ ಬದಲಾವಣೆಯ ಆಕ್ಷೇಪಣೆಯಲ್ಲಿ ಕರ್ನಾಟಕ ಭೂಕಂದಾಯ ಕಾಯಿದೆ, 1964ರ 129ನೇ ಪ್ರಕರಣವೇ ನಮ್ಮ ಸಹಾಯಕ್ಕಿದೆ. ಬರವಣಿಗೆಯಲ್ಲಾಗಲಿ ಬಾಯಿಮಾತಿನಲ್ಲಾಗಲಿ ಬಂದ ಆಕ್ಷೇಪಣೆಯನ್ನು ಅಧಿಕಾರಿ ತಕರಾರು ಪ್ರಕರಣಗಳ ಪುಸ್ತಕದಲ್ಲಿ ದಾಖಲಿಸಿ ಲಿಖಿತ ಸ್ವೀಕೃತಿ ಕೊಡಬೇಕು. ತಂದೆಯವರು ನಡೆದಾಡುವ ಸ್ಥಿತಿಯಲ್ಲಿದ್ದರೆ ಅವರನ್ನೇ ಕರೆದೊಯ್ಯುವುದು ಎಲ್ಲಕ್ಕಿಂತ ಗಟ್ಟಿ.

ತಾಲ್ಲೂಕಿಗೆ ಹೋಗಲು ಸಾಧ್ಯವೇ ಆಗದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಶೀದಿ ಇಟ್ಟುಕೊಳ್ಳಬಹುದು. ಹಳೆಯ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಆದರೆ ಕೊನೆಯ ದಿನದೊಳಗೆ ತಲುಪಬೇಕಾದ ಅರ್ಜಿಯನ್ನು ಹಿಂದಿನ ದಿನ ಅಂಚೆಗೆ ಹಾಕಿ ನಂಬಿ ಕೂರುವುದು ಸರಿಯಲ್ಲ. ಮಳೆಗಾಲದಲ್ಲಿ ನಮ್ಮ ಘಟ್ಟದ ರಸ್ತೆಗಳ ಸ್ಥಿತಿ ಗೊತ್ತೇ ಇದೆ.

ಇದೇ ಬೆಳೆಗಾರರು ಇ-ಸೈನ್ ಮಾಡಬಲ್ಲವರಾದರೆ ಹೇಗೆ? ಮಗ ಅರ್ಜಿಯನ್ನೂ ಲಗತ್ತುಗಳನ್ನೂ ಒಂದೇ ಕಡತವಾಗಿ ಸಿದ್ಧಪಡಿಸಿ, ತಂದೆ ಅದನ್ನು ಓದಿದ ಮೇಲೆ, ಅವರ ಮೊಬೈಲಿಗೆ ಬಂದ ಸಂಖ್ಯೆಯನ್ನು ಅವರೇ ಕೊಟ್ಟು ಸಹಿ ಮಾಡಬಹುದು. ಅದನ್ನು ಇ-ಮೇಲಿನಲ್ಲಿ ಕಡತವಾಗಿಯೇ ಕಳುಹಿಸಬೇಕು. ಕಚೇರಿ ಕಾಗದವನ್ನೂ ಕೇಳುವ ಸಂಭವವಿರುವುದರಿಂದ ಅದೇ ಅರ್ಜಿಯನ್ನು ಮುದ್ರಿಸಿ ಶಾಯಿಯಲ್ಲಿಯೂ ರುಜು ಮಾಡಿ ಸಲ್ಲಿಸುವುದು ಕ್ಷೇಮ. ಎರಡರಲ್ಲಿಯೂ ಒಂದಕ್ಷರ ವ್ಯತ್ಯಾಸವಿರಬಾರದು. ತಂದೆ ತೋಟದಲ್ಲಿದ್ದು ಗುಪ್ತ ಸಂಖ್ಯೆಯನ್ನು ಫೋನಿನಲ್ಲಿ ಮಗನಿಗೆ ಓದಿ ಹೇಳಿ, ಮಗ ಸಹಿ ಮಾಡಿದರೆ, ಚಿತ್ರ ಅಂಟಿಸಿದಾಗ ಬಂದ ಪ್ರಶ್ನೆಯೇ ಇಲ್ಲಿಯೂ ಬರುತ್ತದೆ.

ಸಂಘಗಳಲ್ಲಿ ಗಮನಿಸಬೇಕಾದ್ದು

ಸಣ್ಣ ಸಂಘಗಳಲ್ಲಿ ಅಧ್ಯಕ್ಷರು ದೂರದ ಊರಿನಲ್ಲಿದ್ದು ವಾರಕ್ಕೊಮ್ಮೆ ಬರುತ್ತಾರೆ. ಕೆಲಸ ನಿಲ್ಲಬಾರದೆಂದು ಅವರ ರುಜುವಿನ ಚಿತ್ರವನ್ನು ಗುಮಾಸ್ತರ ಗಣಕಯಂತ್ರದಲ್ಲಿ ಇಡುವುದುಂಟು. ಟೋಕನನ್ನೂ ಅದರ ಗುಪ್ತ ಸಂಖ್ಯೆಯನ್ನೂ ಒಂದೇ ಮೇಜಿನ ಖಾನೆಯಲ್ಲಿ ಇಟ್ಟು ಹೋಗುವುದೂ ಉಂಟು. ಖಾಲಿ ಚೆಕ್ಕಿಗೆ ರುಜು ಮಾಡಿ ಕೊಡುವುದಕ್ಕೂ ಇದಕ್ಕೂ ಭೇದವಿಲ್ಲ. ಡಿಜಿಟಲ್ ಸಹಿ ಒಬ್ಬ ವ್ಯಕ್ತಿಯ ಹೆಸರಿನಲ್ಲಿರುತ್ತದೆ, ಸಂಘದ ಹೆಸರು ಜೊತೆಗಿದ್ದರೂ ಸಹ. ಗುಪ್ತ ಕೀಲಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವ ಹೊಣೆಯನ್ನು, ಅದು ಬೇರೆಯವರ ಕೈಸೇರಿದರೆ ತಡಮಾಡದೆ ಪ್ರಮಾಣೀಕರಣ ಸಂಸ್ಥೆಗೆ ತಿಳಿಸುವ ಹೊಣೆಯನ್ನು ಕಾಯಿದೆಯ 42ನೇ ಪ್ರಕರಣ ಆ ವ್ಯಕ್ತಿಯ ಮೇಲೆ ಹೊರಿಸಿದೆ. ಬೇರೊಬ್ಬರ ವಿದ್ಯುನ್ಮಾನ ಸಹಿಯನ್ನು ಮೋಸದಿಂದ ಬಳಸಿದವರಿಗೆ 66-ಸಿ ಪ್ರಕರಣದಂತೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡ ಆಗಬಹುದು.

ಅಧ್ಯಕ್ಷರು ಊರಲ್ಲಿಲ್ಲದ ದಿನಗಳಿಗೆ ಪರಿಹಾರ ಚಿತ್ರದಲ್ಲಿಲ್ಲ, ನಿರ್ಣಯದಲ್ಲಿದೆ. ದಿನನಿತ್ಯದ ಪತ್ರಗಳಿಗೆ ಕಾರ್ಯದರ್ಶಿ ರುಜು ಮಾಡಬಹುದೆಂದು ಆಡಳಿತ ಮಂಡಳಿ ಉಪವಿಧಿಗೆ ಒಳಪಟ್ಟು ಒಂದು ನಿರ್ಣಯ ಮಾಡಿದರೆ, ಕಾರ್ಯದರ್ಶಿ ತಮ್ಮ ಸ್ವಂತ ರುಜುವನ್ನು ತಮ್ಮ ಪದನಾಮದ ಮೊಹರಿನೊಡನೆ ಹಾಕಬಹುದು. ಆ ಪತ್ರ ಅಧ್ಯಕ್ಷರ ರುಜುವಿನ ಚಿತ್ರವಿರುವ ಪತ್ರಕ್ಕಿಂತ ಎಷ್ಟೋ ಮೇಲು. ಪದಾಧಿಕಾರಿಗಳು ಬದಲಾದ ದಿನವೇ ಹಳಬರ ಮೊಹರುಗಳನ್ನು ಪಟ್ಟಿ ಮಾಡಿ ವಶಕ್ಕೆ ಪಡೆಯಬೇಕು. ಸಂಘದ ಹೆಸರಿರುವ ಅವರ ಡಿಜಿಟಲ್ ಪ್ರಮಾಣಪತ್ರವನ್ನು ರದ್ದುಮಾಡಿಸಬೇಕು. ಗಣಕಯಂತ್ರದಲ್ಲಿ ಉಳಿದಿರುವ ರುಜುವಿನ ಚಿತ್ರಗಳನ್ನು ಅಳಿಸಬೇಕು.

ಸದಸ್ಯರ ಅನುಕೂಲಕ್ಕಾಗಿ ಅರ್ಜಿಯ ಕೊನೆಯಲ್ಲಿ ಇರಬೇಕಾದ ಭಾಗದ ಮಾದರಿಯನ್ನು ಕೆಳಗೆ ಕೊಟ್ಟಿದೆ.

ಸ್ಥಳ: ..............
ದಿನಾಂಕ: ............ (ಕೈಬರಹದಲ್ಲಿ)

ಇಂತು ತಮ್ಮ ವಿಶ್ವಾಸಿ,
(ರುಜು)
ಹೆಸರು: ..............
ತಂದೆಯ ಹೆಸರು: ..............
ಗ್ರಾಮ, ಹೋಬಳಿ, ಸರ್ವೆ ನಂಬರು: ..............
(ಸಂಘದ ಪತ್ರವಾದರೆ ಪದನಾಮ, ಮೊಹರು, ನಿರ್ಣಯದ ಸಂಖ್ಯೆ ಮತ್ತು ದಿನಾಂಕ)

ಲಗತ್ತುಗಳು: 1. ........ 2. ........
ಸಲ್ಲಿಸಿದ ರೀತಿ: ದಿನಾಂಕ ........ ರಂದು ಸ್ಕ್ಯಾನ್ ಪ್ರತಿ ಇ-ಮೇಲ್ ಮೂಲಕ, ದಿನಾಂಕ........ ರಂದು ಮೂಲ ಪ್ರತಿ ಖುದ್ದಾಗಿ / ಸ್ಪೀಡ್ ಪೋಸ್ಟ್ ಮೂಲಕ.

ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು, ಕಳುಹಿಸಿದ ಇ-ಮೇಲಿನ ಮುದ್ರಿತ ಹಾಳೆಯನ್ನು ಮತ್ತು ಅಂಚೆ ರಶೀದಿಯನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ಡಿಜಿಟಲ್ ಸಹಿ ಮಾಡಿದ್ದರೆ ಮೂಲ ಕಡತವನ್ನು ಫೋನಿನಲ್ಲಿ ಮಾತ್ರ ಬಿಡದೆ ಇನ್ನೊಂದು ಕಡೆಯೂ ಕಾಪಾಡಿ. ಕಚೇರಿಯಿಂದ ಹಿಂಬರಹ ಬಂದಾಗ ಅದನ್ನೂ ಅದೇ ಕಡತಕ್ಕೆ ಸೇರಿಸಿ, ಪ್ರಕರಣ ಮುಗಿಯುವ ತನಕ ಕಡತವನ್ನು ಬೇರೆಯವರ ಕೈಗೆ ಕೊಡಬೇಡಿ.